ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳಲ್ಲಿ ಎಷ್ಟನ್ನು ಬರೆಯಬೇಕು?

ಪಿಯುಸಿ ಭೌತವಿಜ್ಞಾನದ ಲ್ಯಾಬ್‌ನಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗವಿದೆ. ಸೂತ್ರ g = 4π²L/T². ಒಬ್ಬ ವಿದ್ಯಾರ್ಥಿ ರೆಕಾರ್ಡ್‌ನಲ್ಲಿ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ: ಲೋಲಕದ ಉದ್ದ 100.0 ಸೆಂ.ಮೀ., 20 ಆಂದೋಲನಗಳಿಗೆ ಹಿಡಿದ ಕಾಲ 40.3 ಸೆಕೆಂಡ್, ಉತ್ತರ 9.723209 ಮೀ/ಸೆ². ಲೆಕ್ಕ ಸರಿಯಾಗಿದೆ. ಆದರೂ ಉತ್ತರ ಸರಿಯಿಲ್ಲ.

ಇದನ್ನು ಪರಿಶೀಲಿಸುವಾಗ ಮೊದಲು ನೋಡಬೇಕಾದದ್ದು ಅಳತೆಯ ಕೋಷ್ಟಕ. ಮೀಟರ್ ಸ್ಕೇಲ್‌ನಲ್ಲಿ ಒಂದು ಮಿಲಿಮೀಟರ್‌ವರೆಗೆ ಓದಬಹುದು, ಹಾಗಾಗಿ 100.0ರಲ್ಲಿ ನಾಲ್ಕು ಸಾರ್ಥಕ ಅಂಕಿಗಳಿವೆ. ಕೊನೆಯ ಸೊನ್ನೆಯೂ ಅಳೆದು ಸಿಕ್ಕಿದ್ದೇ, ಅದನ್ನು ಬಿಟ್ಟು ಬರಿ 100 ಎಂದು ಬರೆದರೆ ಎಷ್ಟು ಸೂಕ್ಷ್ಮವಾಗಿ ಅಳೆದದ್ದೆಂದು ತಿಳಿಯುವುದಿಲ್ಲ. 40.3ರಲ್ಲಿ ಮೂರು ಸಾರ್ಥಕ ಅಂಕಿಗಳು. ಆಂದೋಲನಗಳ 20 ಎಣಿಸಿದ ಸಂಖ್ಯೆ, ಅಳತೆಯಲ್ಲ. ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಗುಣಾಕಾರ, ಭಾಗಾಕಾರಗಳಲ್ಲಿ ಅತಿ ಕಡಿಮೆ ಸಾರ್ಥಕ ಅಂಕಿಗಳಿರುವ ಅಳತೆಯೇ ಉತ್ತರಕ್ಕೆ ಮಿತಿ ಹಾಕುತ್ತದೆ. ಆದ್ದರಿಂದ ಬರೆಯಬೇಕಾದದ್ದು 9.72.

ಇನ್ನೊಂದು ತಪ್ಪು ಮಧ್ಯದಲ್ಲಿ ಅಡಗಿರುತ್ತದೆ. 40.3ನ್ನು 20ರಿಂದ ಭಾಗಿಸಿದರೆ T 2.015 ಸೆಕೆಂಡ್. ಮೂರೇ ಅಂಕಿ ಸಾಕೆಂದು ಇಲ್ಲಿಯೇ 2.02 ಮಾಡಿಕೊಂಡು ಮುಂದುವರಿದರೆ ಉತ್ತರ 9.68 ಬರುತ್ತದೆ. ಅಳತೆ ಅದೇ, ಸೂತ್ರ ಅದೇ. ಅವಸರದ ರೌಂಡ್ ಆಫ್‌ನಿಂದ 0.04ರಷ್ಟು ವ್ಯತ್ಯಾಸ. T ವರ್ಗವಾಗುವುದರಿಂದ ಅದರಲ್ಲಿನ ತಪ್ಪು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ನಡುವಿನ ಹಂತಗಳಲ್ಲಿ ಒಂದೆರಡು ಅಂಕಿ ಹೆಚ್ಚೇ ಇಟ್ಟುಕೊಂಡು, ಕೊನೆಯಲ್ಲಿ ಒಮ್ಮೆ ಮಾತ್ರ ರೌಂಡ್ ಆಫ್ ಮಾಡಬೇಕು.

ಇದನ್ನು ಹಿಡಿಯಲು T² ಕಾಲಂ ನೋಡಿದರೆ ಸಾಕು. ಅಲ್ಲಿ 4.06 ಇದ್ದರೆ 2.015ನ್ನೇ ವರ್ಗ ಮಾಡಲಾಗಿದೆ; 4.08 ಇದ್ದರೆ ಮೊದಲೇ ರೌಂಡ್ ಆಫ್ ಆಗಿದೆ. ಒಂದು ಸಾಲಿನಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇದ್ದರೆ ಸರಾಸರಿಯೂ ಕೆಡುತ್ತದೆ. ಪ್ರತಿ ಸಾಲನ್ನೂ ಮೂಲ ಅಳತೆಯಿಂದಲೇ ಮತ್ತೆ ಲೆಕ್ಕಹಾಕುವುದು ಖಚಿತ ದಾರಿ.

ಮೊಬೈಲ್ ಸ್ಟಾಪ್‌ವಾಚ್ 40.27 ಎಂದು ತೋರಿಸಿದರೂ ನಾಲ್ಕು ಅಂಕಿಗಳನ್ನು ನಂಬುವಂತಿಲ್ಲ. ಬಟನ್ ಒತ್ತುವ ಬೆರಳು 0.2 ಸೆಕೆಂಡ್ ಹಿಂದೆ ಮುಂದೆ ಆದರೂ ಉತ್ತರ ಸುಮಾರು 0.1ರಷ್ಟು ಕದಲುತ್ತದೆ. ಅಂದರೆ 9.72ರ ಎರಡನೆಯ ದಶಮಾಂಶವೂ ಗಟ್ಟಿಯಲ್ಲ. ಕರ್ನಾಟಕದಲ್ಲಿ g ಸುಮಾರು 9.78 ಎಂದು ಗೊತ್ತಿದ್ದವರು ಅದಕ್ಕೆ ಹೊಂದುವಂತೆ ಅಂಕಿ ತಿದ್ದಬೇಕಾಗಿಲ್ಲ. ಈ ಅಳತೆಯ ಮಿತಿಯಲ್ಲಿ 9.72 ಕೂಡ ಅದಕ್ಕೆ ವಿರುದ್ಧವಲ್ಲ.