ಕುದುರೆ ಒಂದೇ, ಚಿತ್ರ ಮೂವತ್ತಾರು

ಚನ್ನಪಟ್ಟಣದ ಗಾಲಿ ಕುದುರೆಯನ್ನು ಈಗ ಫೋನಿನ ಪರದೆಯ ಮೇಲೆ ಬೆರಳಿನಿಂದ ಸರಿಸಿ ಸುತ್ತಲೂ ತಿರುಗಿಸಿ ನೋಡಬಹುದು. ಅದರ ಹಿಂದಿರುವುದು ಸರಳ ಕೆಲಸ. ಆಟಿಕೆಯನ್ನು ಟರ್ನ್‌ಟೇಬಲ್, ಅಂದರೆ ತಿರುಗುಮಣೆಯ ಮೇಲಿಟ್ಟು, ಪ್ರತಿ ಸಲ 10 ಡಿಗ್ರಿ ತಿರುಗಿಸಿ ಒಂದೊಂದು ಫೋಟೊ ತೆಗೆಯುತ್ತಾರೆ. 36 ಫೋಟೊಗಳಿಗೆ ಒಂದು ಸುತ್ತು ಮುಗಿಯುತ್ತದೆ. ಆದರೆ ಅವನ್ನು ಸಾಲಾಗಿ ಓಡಿಸಿದಾಗ ಎಷ್ಟೋ ಸಲ ಕುದುರೆ ಉಬ್ಬುತ್ತದೆ, ಕುಗ್ಗುತ್ತದೆ, ಅಕ್ಕಪಕ್ಕಕ್ಕೆ ತೂಗಾಡುತ್ತದೆ, ಅದರ ಕೆಂಪು ಬಣ್ಣ ಮಾಸಿ ಮತ್ತೆ ಕಳೆಗಟ್ಟುತ್ತದೆ. ಮರದ ಕುದುರೆ ಬದಲಾಗಿಲ್ಲ. ಬದಲಾದದ್ದು ಕ್ಯಾಮೆರಾಕ್ಕೂ ಅದಕ್ಕೂ ನಡುವಿನ ಸಂಬಂಧ.

ಮೊದಲು ದೂರದ ಲೆಕ್ಕ ನೋಡೋಣ. ಫೋಟೊದಲ್ಲಿ ವಸ್ತುವಿನ ಗಾತ್ರ ಅದು ಇರುವ ದೂರಕ್ಕೆ ವಿಲೋಮವಾಗಿರುತ್ತದೆ. ದೂರ ಎರಡರಷ್ಟಾದರೆ ಗಾತ್ರ ಅರ್ಧ. ನಮ್ಮ ಕುದುರೆ 20 ಸೆಂಟಿಮೀಟರ್ ಉದ್ದ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 14 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಅರ್ಧ ಮೀಟರ್ ದೂರದಲ್ಲಿದೆ. ಕುದುರೆ ಪಕ್ಕಕ್ಕೆ ತಿರುಗಿ ನಿಂತಾಗ ಎರಡೂ ಗಾಲಿಗಳು ಸಮ. ಅದು ನಮ್ಮ ಕಡೆ ಮುಖ ಮಾಡಿದಾಗ ಮುಂದಿನ ಗಾಲಿ 43 ಸೆಂಟಿಮೀಟರ್ ದೂರಕ್ಕೆ ಬರುತ್ತದೆ, ಹಿಂದಿನದು 57ಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನ ಗಾಲಿ ಹಿಂದಿನದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಲೇತಿನಲ್ಲಿ ಒಂದೇ ಅಳತೆಗೆ ಕಡೆದ ಗಾಲಿಗಳು ಇವು! ಇದೇ ಕ್ಯಾಮೆರಾವನ್ನು 2 ಮೀಟರ್ ದೂರಕ್ಕೆ ಒಯ್ದರೆ ದೂರಗಳು 193 ಮತ್ತು 207 ಆಗುತ್ತವೆ. ವ್ಯತ್ಯಾಸ ಶೇಕಡಾ 7ಕ್ಕೆ ಇಳಿಯುತ್ತದೆ.

ಅರ್ಧ ಮೀಟರಿನಿಂದ ಬರಿಗಣ್ಣಿಗೂ ಹಾಗೆಯೇ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಎದುರಿಗಿರುವ ವಸ್ತುವನ್ನು ಎರಡು ಕಣ್ಣುಗಳಿಂದ ನೋಡುವಾಗ ಮಿದುಳಿಗೆ ಆಳದ ಅಂದಾಜು ಸಿಗುತ್ತದೆ, ಅದು ಗಾತ್ರವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಅಂಗೈಯಗಲದ ಪರದೆಯ ಮೇಲಿನ ಚಪ್ಪಟೆ ಚಿತ್ರದಲ್ಲಿ ಆ ನೆರವು ಇಲ್ಲ. ಅಲ್ಲಿ ಉಬ್ಬಿದ ಗಾಲಿ ಉಬ್ಬಿದ ಗಾಲಿಯೇ.

ಆಕಾರದ ಈ ಹಿಗ್ಗುಕುಗ್ಗಿಗೆ ಲೆನ್ಸ್ ಕಾರಣ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾರಣ ದೂರ ಮಾತ್ರ. ಹಿಂದೆ ಸರಿದ ಮೇಲೆ ಕುದುರೆಯನ್ನು ಮತ್ತೆ ಸಾಕಷ್ಟು ದೊಡ್ಡದಾಗಿ ಕಾಣಿಸುವುದಷ್ಟೇ ಉದ್ದ ಲೆನ್ಸಿನ ಕೆಲಸ. ಇಲ್ಲಿ ಅತಿಯಾಸೆಗೂ ಮಿತಿಯುಂಟು. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 200 ಮಿಲಿಮೀಟರ್ ಲೆನ್ಸ್ ಹಾಕಿ 2 ಮೀಟರಿನಿಂದ ಚೌಕಟ್ಟು ತುಂಬಿಸಿದರೆ, ಅಪರ್ಚರ್ f/11ರಲ್ಲಿದ್ದರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಎದುರುಮುಖದ ಚಿತ್ರದಲ್ಲಿ ಮೂಗು ಸ್ಪಷ್ಟವಾದರೆ ಬಾಲ ಮಸುಕು. 100 ಮಿಲಿಮೀಟರ್ ಲೆನ್ಸ್ ಹಾಕಿ ಕುದುರೆಯನ್ನು ಚೌಕಟ್ಟಿನ ನಡುವೆ ಚಿಕ್ಕದಾಗಿಯೇ ಬಿಟ್ಟರೆ ಆ ಆಳ 25 ಸೆಂಟಿಮೀಟರ್ ದಾಟುತ್ತದೆ, ಇಡೀ ಕುದುರೆ ಅದರೊಳಗೆ ಬರುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಆಗಲೂ ಕುದುರೆಯ ಉದ್ದ ಸುಮಾರು 1750 ಪಿಕ್ಸೆಲ್ ಇರುತ್ತದೆ. ಪರದೆಗೆ ಅದು ಧಾರಾಳ. ಸುತ್ತಲಿನ ಖಾಲಿ ಜಾಗವನ್ನು ಆಮೇಲೆ ಕತ್ತರಿಸಿದರಾಯಿತು.

ಇನ್ನು ತೂಗಾಟ. ಕುದುರೆಯ ನಡುಭಾಗ ಮಣೆಯ ಅಕ್ಷದಿಂದ ಒಂದು ಸೆಂಟಿಮೀಟರ್ ಸರಿದು ಕೂತಿದ್ದರೆ, ಒಂದು ಸುತ್ತಿನಲ್ಲಿ ಅದು ಒಟ್ಟು 2 ಸೆಂಟಿಮೀಟರ್ ಅಕ್ಕಪಕ್ಕಕ್ಕೆ ಓಡಾಡುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 175 ಪಿಕ್ಸೆಲ್. ಜೊತೆಗೆ ಕ್ಯಾಮೆರಾದ ಕಡೆಗೂ ಹಿಂದಕ್ಕೂ ಅಷ್ಟೇ ಓಡಾಡುವುದರಿಂದ ಗಾತ್ರವೂ ಶೇಕಡಾ ಒಂದರಷ್ಟು ಬದಲಾಗುತ್ತದೆ. ಅಕ್ಕಪಕ್ಕದ ಜರುಗನ್ನು ತಂತ್ರಾಂಶದಲ್ಲಿ ಎಳೆದು ಸರಿಪಡಿಸುವವರು ಗಾತ್ರದ ಬದಲಾವಣೆಯನ್ನು ಮರೆತುಬಿಡುತ್ತಾರೆ. ಆಗ ಕುದುರೆ ಒಂದೇ ಜಾಗದಲ್ಲಿ ನಿಂತು ಉಸಿರಾಡುವಂತೆ ಕಾಣುತ್ತದೆ.

ಅಕ್ಷ ಎಲ್ಲಿದೆ ಎಂದು ತಿಳಿಯಲು ಚನ್ನಪಟ್ಟಣದಲ್ಲೇ ಒಳ್ಳೆಯ ಸಾಧನವಿದೆ. ಲೇತಿನಲ್ಲಿ ಕಡೆದ ಉರುಟು ಗೂಟವೊಂದನ್ನು ಮಣೆಯ ನಡುವೆ ನಿಲ್ಲಿಸಿ ತಿರುಗಿಸಿ. ಸರಿಯಾಗಿ ಕಡೆದ ಗೂಟ ತನ್ನ ಅಕ್ಷದ ಸುತ್ತ ಎಷ್ಟು ತಿರುಗಿದರೂ ಅದರ ಅಂಚುಗಳು ಚಿತ್ರದಲ್ಲಿ ಕದಲಬಾರದು. ಕದಲಿದರೆ ಗೂಟ ನಡುವಿನಲ್ಲಿಲ್ಲ, ಇಲ್ಲವೇ ಮಣೆಯೇ ವಾಲಾಡುತ್ತಿದೆ. ಗೂಟ ನಿಶ್ಚಲವಾದ ಮೇಲೆ ಅದು ಚೌಕಟ್ಟಿನ ನಡುಗೆರೆಯ ಮೇಲೆ ಬರುವಂತೆ ಕ್ಯಾಮೆರಾ ಹೊಂದಿಸಿ, ಗೂಟ ತೆಗೆದು ಕುದುರೆ ಇಡಬೇಕು.

ಇದಕ್ಕಿಂತ ಸೊಗಸಾದ ಪರೀಕ್ಷೆ ಇನ್ನೊಂದಿದೆ. ಯಾವುದೇ ವಸ್ತುವನ್ನು ಸಾಕಷ್ಟು ದೂರದಿಂದ, ಅದರ ಮಟ್ಟದಲ್ಲೇ ನೋಡಿದರೆ ಈ ಕಡೆಯ ಹೊರಗೆರೆಯೂ ನೇರ ಆ ಕಡೆಯ ಹೊರಗೆರೆಯೂ ಕನ್ನಡಿ ಬಿಂಬಗಳಾಗಿರುತ್ತವೆ. ಆದ್ದರಿಂದ 0 ಡಿಗ್ರಿಯ ಚಿತ್ರವನ್ನೂ 180 ಡಿಗ್ರಿಯ ಚಿತ್ರವನ್ನೂ ತೆಗೆದು, ಎರಡನೆಯದನ್ನು ಎಡಬಲ ಮಗುಚಿ ಮೊದಲನೆಯದರ ಮೇಲಿಡಿ. ಹೊರಗೆರೆ ಒಂದೇ ಕಡೆಗೆ ಜರುಗಿದ್ದರೆ ಅಕ್ಷ ಚೌಕಟ್ಟಿನ ನಡುವೆ ಇಲ್ಲ. ಓರೆಯಾಗಿದ್ದರೆ ಕ್ಯಾಮೆರಾ ಅಥವಾ ಮಣೆ ವಾಲಿದೆ. ಆಕಾರವೇ ಬೇರೆಯಾಗಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ. ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು.

ಹೊರಗೆರೆಗಳಲ್ಲಿ ಎಷ್ಟೊಂದು ಅಡಗಿದೆ ಎಂಬುದನ್ನು ಫ್ರಾನ್ಸಿನ ಶಿಲ್ಪಿ ಫ್ರಾಂಸ್ವಾ ವಿಲೆಮ್ 1860ರ ಹೊತ್ತಿಗೇ ತೋರಿಸಿದ್ದ. ವ್ಯಕ್ತಿಯನ್ನು ನಡುವೆ ಕೂರಿಸಿ ಸುತ್ತ 24 ಕ್ಯಾಮೆರಾಗಳನ್ನು 15 ಡಿಗ್ರಿಗೊಂದರಂತೆ ಇಟ್ಟು, ಸಿಕ್ಕ ಹೊರಗೆರೆಗಳನ್ನು ಪ್ಯಾಂಟೊಗ್ರಾಫ್ ಎಂಬ ನಕಲುಗೋಲಿನಿಂದ ಜೇಡಿಗೆ ಇಳಿಸಿ ಪ್ರತಿಮೆ ಮಾಡುತ್ತಿದ್ದ. ಜೀವಂತ ಮನುಷ್ಯ ಕದಲುತ್ತಾನಾದ್ದರಿಂದ ಅವನಿಗೆ ಏಕಕಾಲದ 24 ಕಣ್ಣುಗಳು ಬೇಕಾದವು. ನಮ್ಮ ಮರದ ಕುದುರೆಗೆ ಒಂದೇ ಕಣ್ಣು ಸಾಕು.

ಮರದ ಕುದುರೆಯೂ ಕದಲಬಹುದು ಎನ್ನಿ. ಗಾಲಿ ಇದೆ, ಮಣೆ ನಿಂತಾಗಲೆಲ್ಲ ಕೂದಲೆಳೆಯಷ್ಟು ಉರುಳುತ್ತದೆ, ಗಾಲಿಯ ಮೇಲಿನ ಬಣ್ಣದ ಚುಕ್ಕಿಗಳು ಜಾಗ ಬದಲಿಸುತ್ತವೆ. ಗಾಲಿಗಳಡಿಗೆ ಚೂರು ಮೇಣ ಒತ್ತಿ, ಎಳೆಯುವ ದಾರವನ್ನು ಬಿಗಿಯಾಗಿ ಅಂಟಿಸಿಬಿಡುವುದು ಒಳ್ಳೆಯದು.

ಬಣ್ಣ ಮಾಸಿ ಕಳೆಗಟ್ಟುವುದು ಕ್ಯಾಮೆರಾದ ಸ್ವಂತ ಬುದ್ಧಿಯ ಫಲ. ಪಕ್ಕದಿಂದ ನೋಡಿದಾಗ ಕೆಂಪು ಹೆಚ್ಚು, ಎದುರಿನಿಂದ ನೋಡಿದಾಗ ಬಿಳಿ ಹಿನ್ನೆಲೆ ಹೆಚ್ಚು. ಸ್ವಯಂಚಾಲಿತ ಕ್ಯಾಮೆರಾ ಪ್ರತಿ ಸಲ ಹೊಸದಾಗಿ ಅಳೆದು ಬೆಳಕನ್ನೂ ಬಣ್ಣವನ್ನೂ ಬದಲಿಸುತ್ತದೆ. ಫೋಕಸ್ ಬದಲಾದರಂತೂ ಎಷ್ಟೋ ಲೆನ್ಸುಗಳಲ್ಲಿ ಚಿತ್ರದ ಗಾತ್ರವೇ ತುಸು ಬದಲಾಗುತ್ತದೆ. ಎಲ್ಲವನ್ನೂ ಮ್ಯಾನುಯಲ್‌ಗೆ ಹಾಕಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ 1/50 ಅಥವಾ 1/25 ಸೆಕೆಂಡಿನಲ್ಲಿದ್ದರೆ ಪ್ರತಿ ಚಿತ್ರಕ್ಕೂ ಪೂರ್ತಿ ಮಿನುಗುಗಳೇ ಸಿಗುತ್ತವೆ.

ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಅಂಟಿಕೊಂಡಿರದಿದ್ದರೂ ನಡೆಯುವುದು ಅರಗಿನ ಹೊಳಪು ಒಂದೇ. ಅದು ದೀಪದ ಬಿಂಬ, ಕುದುರೆಯ ಗುರುತಲ್ಲ. ಕುದುರೆ ತಿರುಗಿದಂತೆ ಅದರ ಮೈಮೇಲೆ ಜಾರಲೇಬೇಕು. ದೀಪಕ್ಕೂ ಲೆನ್ಸಿಗೂ ಅಡ್ಡಡ್ಡವಾಗಿ ಪೋಲರೈಸರ್ ಹಾಕಿ ಹೊಳಪನ್ನು ಅಳಿಸಲು ಬರುತ್ತದೆ. ಆದರೆ ಅದನ್ನು ಅಳಿಸಿದರೆ ಅರಗಿನ ಮೆರುಗು ಸಾದಾ ಬಣ್ಣದಂತೆ ಕಾಣುತ್ತದೆ, ಅದು ಕುಶಲಕರ್ಮಿಗೆ ಮಾಡಿದ ಅನ್ಯಾಯ. ದೊಡ್ಡ ಬಿಳಿ ಬಟ್ಟೆಯ ಹಿಂದಿನಿಂದ ಮೆದುವಾದ ಬೆಳಕು ಬಿಟ್ಟು, ದೀಪಗಳನ್ನು ಕ್ಯಾಮೆರಾದ ಜೊತೆ ಸ್ಥಿರವಾಗಿ ನಿಲ್ಲಿಸುವುದೇ ಸರಿ.

ಕೊನೆಗೆ 37ನೆಯ ಚಿತ್ರವೊಂದನ್ನು ತೆಗೆಯಿರಿ. ಪೂರ್ತಿ ಸುತ್ತಿ ಬಂದ ಕುದುರೆ ಈಗ ಮೊದಲ ಜಾಗದಲ್ಲೇ ಇರಬೇಕು. ಫೋಟೊ ತಂತ್ರಾಂಶದಲ್ಲಿ ಈ ಚಿತ್ರದಿಂದ ಮೊದಲನೆಯದನ್ನು ಕಳೆದರೆ ಪರದೆ ಕಪ್ಪಾಗಬೇಕು. ಮೈಯೆಲ್ಲ ತೆಳುವಾಗಿ ಬೆಳಗಿದರೆ ದೀಪ ಬದಲಾಗಿದೆ. ಸುತ್ತಲೂ ಅಂಚು ಬೆಳಗಿದರೆ ಫೋಕಸ್ ಅಥವಾ ಕ್ಯಾಮೆರಾ ಜರುಗಿದೆ. ಗಾಲಿಗಳ ಚುಕ್ಕಿ ಮಾತ್ರ ಬೆಳಗಿದರೆ ಮೇಣ ಬಿಟ್ಟಿದೆ, ಮತ್ತು ಅದು ಎಷ್ಟನೆಯ ಚಿತ್ರದಲ್ಲಿ ಬಿಟ್ಟಿತೆಂದು ಹುಡುಕಿ ಒಂದೊಂದನ್ನೇ ತಿದ್ದುವುದಕ್ಕಿಂತ 36ನ್ನೂ ಹೊಸದಾಗಿ ತೆಗೆಯುವುದೇ ಬೇಗ ಆಗುತ್ತದೆ.