ಹೂಮರದ ಕತೆ ಮತ್ತು ರಚನಾವಾದದ ಅಳತೆ

ಜನಪದ ಕತೆಯೊಂದನ್ನು ರಚನಾವಾದಿಯಾಗಿ ಓದುವುದೆಂದರೆ ಅದರಲ್ಲಿ ಏನು ಮತ್ತೆ ಮತ್ತೆ ಬರುತ್ತದೆ, ಯಾವುದರ ಎದುರಿಗೆ ಯಾವುದು ನಿಲ್ಲುತ್ತದೆ ಎಂದು ನೋಡುವುದು. ಕತೆಯಲ್ಲಿ ಬರುವ ರಾಜ, ಮರ, ನೀರು ತಮ್ಮಷ್ಟಕ್ಕೆ ತಾವೇ ಅರ್ಥ ಕೊಡುವುದಿಲ್ಲ, ಒಂದಕ್ಕೊಂದು ಇರುವ ಸಂಬಂಧದಿಂದ ಕೊಡುತ್ತವೆ ಎಂಬುದು ಈ ಪದ್ಧತಿಯ ನಂಬಿಕೆ. ಇದಕ್ಕೆ ಎರಡು ಕವಲುಗಳಿವೆ. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ, ಅಫನಾಸ್ಯೇವ್ ಸಂಗ್ರಹದ ನೂರು ಅದ್ಭುತ ಕತೆಗಳನ್ನು ಇಟ್ಟುಕೊಂಡು, ಅವುಗಳಲ್ಲಿ ನಡೆಯುವ ಕ್ರಿಯೆಗಳು 31 ಮಾತ್ರ, ಅವು ಬರುವ ಕ್ರಮವೂ ಒಂದೇ ಎಂದು ತೋರಿಸಿದ. ಫ್ರಾನ್ಸಿನ ಕ್ಲಾದ್ ಲೆವಿ-ಸ್ಟ್ರಾಸ್ 1955ರಲ್ಲಿ ಬೇರೆ ದಾರಿ ಹಿಡಿದ. ಪುರಾಣಕತೆಯ ಘಟನೆಗಳನ್ನು ಹೇಳಿದ ಕ್ರಮದಿಂದ ಬಿಡಿಸಿ, ಹೋಲುವ ಘಟನೆಗಳನ್ನು ಒಂದೊಂದು ಕಂಬಸಾಲಿನಲ್ಲಿ ಜೋಡಿಸಿದರೆ ಅವುಗಳ ಕೆಳಗಿರುವ ವಿರುದ್ಧ ಜೋಡಿಗಳು ಕಾಣುತ್ತವೆ ಎಂದ. ಪ್ರಾಪ್ ಕತೆಯನ್ನು ಅಡ್ಡಸಾಲಿನಲ್ಲಿ ಓದುತ್ತಾನೆ, ಲೆವಿ-ಸ್ಟ್ರಾಸ್ ಉದ್ದಸಾಲಿನಲ್ಲಿ.

ಈ ಎರಡೂ ಓದುಗಳ ಬಲ ಎಷ್ಟು, ಎಲ್ಲಿಗೆ ಅದು ಮುಗಿಯುತ್ತದೆ ಎಂಬುದನ್ನು ಕನ್ನಡದ್ದೇ ಒಂದು ಕತೆ ಚೆನ್ನಾಗಿ ತೋರಿಸಬಲ್ಲದು. ಹೂಬಿಡುವ ಮರವಾಗುವ ಹುಡುಗಿಯ ಈ ಕತೆಯನ್ನು ಕರ್ನಾಟಕದಲ್ಲಿ ಹೆಂಗಸರು ಹೇಳುತ್ತ ಬಂದಿದ್ದಾರೆ. ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು, ಅದರ ಮೇಲೆ ಒಂದು ಪ್ರಬಂಧವನ್ನೂ ಬರೆದರು. ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಕತೆಗಳ ಸಂಪುಟಕ್ಕೆ ಇದೇ ಕತೆಯ ಹೆಸರಿದೆ.

ಕತೆ ಹೀಗಿದೆ. ಕೂಲಿ ಮಾಡಿ ಬದುಕುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಅವ್ವನ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ. ಅಂಗಳ ಗುಡಿಸಿ ಸಾರಿಸಬೇಕು, ಉಗುರು ತಾಗಿಸದೆ ಎರಡು ಬಿಂದಿಗೆ ನೀರು ತರಬೇಕು. ಒಂದು ಬಿಂದಿಗೆ ಸುರಿದರೆ ತಾನು ಹೂವಿನ ಮರವಾಗುತ್ತೇನೆ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ. ಹೂವನ್ನು ಅಕ್ಕ ಅರಮನೆಯಲ್ಲಿ ಮಾರಿ ಬರುತ್ತಾಳೆ. ತಾಯಿ ಸಿಟ್ಟಾಗಿ ಹೊಡೆದಾಗ, ಮಗಳು ಅವಳ ಕಣ್ಣೆದುರೇ ಮರವಾಗಿ ತೋರಿಸುತ್ತಾಳೆ. ಅವಳು ಮರವಾಗುವುದನ್ನು ಕದ್ದು ನೋಡಿದ್ದ ರಾಜಕುಮಾರ ಅವಳನ್ನೇ ಮದುವೆಯಾಗುತ್ತಾನೆ. ಆದರೆ ಮರವಾಗುವವರೆಗೂ ಅವಳೊಂದಿಗೆ ಮಾತೇ ಆಡುವುದಿಲ್ಲ. ಅವಳು ಒಪ್ಪುತ್ತಾಳೆ. ರಾತ್ರಿ ರಾತ್ರಿ ಹೂವಿನ ಮೇಲೆ ಮಲಗುತ್ತಾರೆ.

ಬಾಡಿದ ಹೂವಿನ ರಾಶಿ ನೋಡಿ ನಾದಿನಿಗೆ ಗುಟ್ಟು ತಿಳಿಯುತ್ತದೆ. ಅತ್ತಿಗೆಯನ್ನು ಗೆಳತಿಯರ ಜೊತೆ ತೋಟಕ್ಕೆ ಕರೆದೊಯ್ದು ಬಲವಂತವಾಗಿ ಮರವಾಗಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ಎಲೆ ಹರಿದು ಹೂ ಕಿತ್ತುಕೊಳ್ಳುತ್ತಾರೆ. ಮಳೆ ಗುಡುಗು ಬಂದಾಗ ಎರಡನೆಯ ಬಿಂದಿಗೆಯನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದೆ, ಮೈಯೆಲ್ಲ ಗಾಯವಾಗಿ, ಅರ್ಧ ಮನುಷ್ಯಳಾಗಿ ಉಳಿಯುತ್ತಾಳೆ, ಮೋರಿಯ ನೀರಿನಲ್ಲಿ ಕೊಚ್ಚಿಹೋಗುತ್ತಾಳೆ. ಹತ್ತಿ ಗಾಡಿಯವನೊಬ್ಬ ನರಳುವಿಕೆ ಕೇಳಿ, ತನ್ನ ಬಟ್ಟೆ ಹೊದಿಸಿ, ಇನ್ನೊಂದು ಊರಿನಲ್ಲಿ ಬಿಟ್ಟು ಹೋಗುತ್ತಾನೆ. ಅದು ರಾಜಕುಮಾರನ ಅಕ್ಕನ ಊರು. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಂತೆ ಅಲೆಯುತ್ತಿದ್ದ ಅವನೂ ಕೊನೆಗೆ ಅಲ್ಲಿಗೇ ಬರುತ್ತಾನೆ. ಅವಳನ್ನು ಗುರುತಿಸಿ, ಅವಳು ಹೇಳಿದಂತೆ ಮೊದಲ ಬಿಂದಿಗೆ ಸುರಿದು, ಮುರಿದ ಕೊಂಬೆಗಳನ್ನು ನೆಟ್ಟಗೆ ಮಾಡಿ, ಹರಿದ ಎಲೆಗಳನ್ನು ಕಟ್ಟಿ, ಎರಡನೆಯದನ್ನು ಸುರಿಯುತ್ತಾನೆ. ಅವಳು ಪೂರ್ತಿ ಹೆಣ್ಣಾಗುತ್ತಾಳೆ. ನಾದಿನಿಯನ್ನು ರಾಜ ಸುಣ್ಣದ ಗುಂಡಿಗೆ ಹಾಕಿಸುತ್ತಾನೆ.

ಮೊದಲು ಪ್ರಾಪ್‌ನ ಅಳತೆಯಲ್ಲಿ ನೋಡಬಹುದು. ಕೊರತೆಯಿಂದ ಆರಂಭ, ಅಂದರೆ ಬಡತನ. ನಿಷೇಧ ಇದೆ: ಉಗುರು ತಾಗಿಸಬಾರದು, ಚಿಗುರು ಮುರಿಯಬಾರದು. ನಿಷೇಧ ಮುರಿಯುವ ಕೇಡಿಗಳಿದ್ದಾರೆ, ಅದರ ಫಲವಾಗಿ ಹಾನಿಯಾಗುತ್ತದೆ, ಕೊನೆಗೆ ಹಾನಿ ತೀರಿ ಶಿಕ್ಷೆಯೂ ಆಗುತ್ತದೆ. ಇಲ್ಲಿಯವರೆಗೆ ಸರಿ ಹೊಂದುತ್ತದೆ. ಹೊಂದದಿರುವುದು ಮದುವೆ. ಪ್ರಾಪ್‌ನ ಪಟ್ಟಿಯಲ್ಲಿ ಮದುವೆ 31ನೆಯ ಕ್ರಿಯೆ, ಅಲ್ಲಿಗೆ ಕತೆ ಮುಗಿಯಬೇಕು. ಇಲ್ಲಿ ಅದು ನಡುವೆ ಬರುತ್ತದೆ, ನಿಜವಾದ ಕಷ್ಟ ಆಮೇಲೆ ಶುರುವಾಗುತ್ತದೆ. ಗಂಡು ನಾಯಕನಾದ ಕತೆಗಳಲ್ಲಿ ಮದುವೆ ಬಹುಮಾನದಂತೆ ಕೊನೆಗೆ ಸಿಗುತ್ತದೆ, ಹೆಣ್ಣು ನಡುವೆ ನಿಂತ ಕತೆಗಳಲ್ಲಿ ಅದು ಪರೀಕ್ಷೆಯ ಬಾಗಿಲು ಎಂದು ರಾಮಾನುಜನ್ ಗುರುತಿಸಿದ್ದರು. ಅಳತೆಗೋಲು ಇಲ್ಲಿ ಹೊಂದದೆ ಹೋದದ್ದರಿಂದಲೇ ಈ ಮಾತು ಹೊಳೆಯಿತು. ರಷ್ಯದ ಕತೆಗಳಿಂದ ಕಟ್ಟಿದ ಪಟ್ಟಿ ಎಲ್ಲ ಕತೆಗಳ ವ್ಯಾಕರಣ ಅಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಉದ್ದಸಾಲಿನ ಓದು ಇನ್ನೂ ಹೆಚ್ಚು ಕೊಡುತ್ತದೆ. ಮರವಾಗುವುದು ಐದು ಸಂದರ್ಭಗಳಲ್ಲಿ ಬರುತ್ತದೆ: ಅಕ್ಕನ ಜೊತೆ, ತಾಯಿಯ ಮುಂದೆ, ಗಂಡನಿಗಾಗಿ, ನಾದಿನಿಯ ಕೈಯಲ್ಲಿ, ಕೊನೆಗೆ ಮತ್ತೆ ಗಂಡನ ಕೈಯಲ್ಲಿ. ಇವನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದಕ್ಕೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಯಾರು ಬಯಸಿದರು, ಹೂವು ಏತಕ್ಕೆ ಹೋಯಿತು, ಮರವನ್ನು ಹೇಗೆ ನಡೆಸಿಕೊಂಡರು? ಮೊದಲ ಸಲ ಅವಳೇ ಬಯಸಿದಳು, ಹೂವು ಮನೆಯ ಹೊಟ್ಟೆಪಾಡಿಗೆ ಹೋಯಿತು. ಎರಡನೆಯ ಸಲ ಏಟು ತಿಂದು, ನಿಜ ತೋರಿಸಲು ಮರವಾದಳು. ಮೂರನೆಯದರಲ್ಲಿ ಗಂಡನ ಹಟಕ್ಕೆ ಮಣಿದಳು, ಹೂವು ಹಾಸಿಗೆಗೆ ಹೋಗಿ ಮರುದಿನ ಕಸವಾಯಿತು. ನಾಲ್ಕನೆಯದರಲ್ಲಿ ಅವಳ ಒಪ್ಪಿಗೆಯೇ ಇಲ್ಲ, ಹೂವು ಗೆಳತಿಯರ ಆಟಕ್ಕೆ. ವಿಧಿ ಎಲ್ಲ ಸಲವೂ ಒಂದೇ, ಎರಡು ಬಿಂದಿಗೆ ನೀರು. ಬದಲಾಗುತ್ತ ಹೋಗುವುದು ಅವಳ ಇಚ್ಛೆ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಕತೆಯನ್ನು ಕೇಳುವಾಗ ಗಂಡ ಒಳ್ಳೆಯವನು, ನಾದಿನಿ ಕೆಟ್ಟವಳು ಎನಿಸುವುದು ಸಹಜ. ಆದರೆ ಹೀಗೆ ಸಾಲಾಗಿ ಇಟ್ಟ ಮೇಲೆ ಗಂಡನ ಹಟ ನಾದಿನಿಯ ಬಲವಂತಕ್ಕೆ ಒಂದೇ ಮೆಟ್ಟಿಲು ಮೇಲಿದೆ ಎಂದು ಕಾಣುತ್ತದೆ. ಗುಟ್ಟು ಹೊರಬಿದ್ದದ್ದೂ ಅವನು ಬಯಸಿದ ಹೂವಿನ ರಾಶಿಯಿಂದಲೇ. ಐದನೆಯ ಸಲ ಇಳಿಜಾರು ತಿರುಗುತ್ತದೆ. ಅವಳು ಹೇಳುತ್ತಾಳೆ, ಅವನು ಮಾಡುತ್ತಾನೆ, ಯಾರೂ ಹೂ ಕೀಳುವುದಿಲ್ಲ. ಹಟ ಹಿಡಿದವನೇ ಕೊಂಬೆ ಕಟ್ಟುವವನಾಗುತ್ತಾನೆ. ಪುನರಾವೃತ್ತಿಯನ್ನು ಗಮನಿಸದ ಓದಿಗೆ ಇದು ದಕ್ಕುವುದು ಕಷ್ಟ. ಜನಪದ ಕತೆ ಒಂದೇ ಘಟನೆಯನ್ನು ತಿರುಗಿ ಹೇಳುವುದು ಹೇಳುವವರ ನೆನಪಿಗೆ ನೆರವಾಗಲೆಂದು ಮಾತ್ರವಲ್ಲ, ಬದಲಾದ ಸಣ್ಣ ಅಂಶವೊಂದು ಎದ್ದು ಕಾಣಲೆಂದೂ ಹೌದು.

ಇಷ್ಟು ಫಲ ಕೊಟ್ಟ ಪದ್ಧತಿ ಎಲ್ಲಿ ತಪ್ಪುತ್ತದೆ? ಮೊದಲ ಅಪಾಯ, ಜೋಡಿಯನ್ನು ಹೊರಗಿನಿಂದ ತಂದು ಕತೆಯ ಮೇಲೆ ಹೇರುವುದು. ಲೆವಿ-ಸ್ಟ್ರಾಸ್ ಓದಿದವರಿಗೆ ಪ್ರಕೃತಿ ಮತ್ತು ಸಂಸ್ಕೃತಿ ಎಂಬ ಜೋಡಿ ಬಾಯಿಗೆ ಬೇಗ ಬರುತ್ತದೆ. ಮರ ಪ್ರಕೃತಿ, ಹೆಣ್ಣು ಸಂಸ್ಕೃತಿ, ನೀರು ಅವುಗಳ ನಡುವಿನ ಸೇತುವೆ ಎಂದು ಬರೆದುಬಿಡಬಹುದು. ಕತೆಯ ವಿವರಗಳು ಇದಕ್ಕೆ ಒಪ್ಪುವುದಿಲ್ಲ. ಮರ ಕಾಡಿನಲ್ಲಿ ಹುಟ್ಟುವುದಿಲ್ಲ, ಗುಡಿಸಿ ಸಾರಿಸಿದ ಅಂಗಳದಲ್ಲಿ ಮಡಿಯಿಂದ ಹುಟ್ಟುತ್ತದೆ, ಅದರ ಹೂವು ಮಾರಾಟಕ್ಕೆ ಹೋಗುತ್ತದೆ. ಅದನ್ನು ಮುರಿದವರು ಅರಮನೆಯ ಹುಡುಗಿಯರು. ಅವಳು ಬಿದ್ದದ್ದು ಮನುಷ್ಯರು ಕಟ್ಟಿದ ಮೋರಿಗೆ. ಕತೆ ತಾನೇ ಒತ್ತಿ ಹೇಳುವ ಜೋಡಿ ಬೇರೆ: ನಯವಾಗಿ ಬಿಡಿಸುವುದು ಮತ್ತು ಮುರಿದು ಕೀಳುವುದು. ಉಗುರು, ಎಲೆ, ಚಿಗುರು ಎಂಬ ವಿವರಗಳೊಂದಿಗೆ ಅದು ಆರಂಭದಲ್ಲೂ ನಡುವೆಯೂ ಕೊನೆಯಲ್ಲೂ ಬರುತ್ತದೆ. ಕತೆಯ ಮಾತಿನಲ್ಲೇ ಹಲವು ಕಡೆ ಸಿಗುವ ಜೋಡಿಯನ್ನು ನಂಬಬಹುದು. ವಿಮರ್ಶಕನ ಪದಗಳಲ್ಲಿ ಮಾತ್ರ ಸಿಗುವುದನ್ನು ಅನುಮಾನದಿಂದ ನೋಡಬೇಕು.

ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. ಹತ್ತಿ ಗಾಡಿಯವನನ್ನೇ ತೆಗೆದುಕೊಳ್ಳಿ. ಅವನು ನೆಂಟನಲ್ಲ, ಮರವನ್ನು ಕಂಡವನಲ್ಲ, ಹೂ ಬೇಡಿದವನಲ್ಲ. ಒಂದು ಸಲ ಬಂದು ಬಟ್ಟೆ ಹೊದಿಸಿ ಹೊರಟುಹೋಗುತ್ತಾನೆ. ಐದು ಸಾಲುಗಳಲ್ಲಿ ಅವನಿಗೆ ಜಾಗವಿಲ್ಲ. ಹಟ ಬಿಡದ ರಚನಾವಾದಿ ಕೂಡಲೇ ಜಾಗ ಮಾಡಿಕೊಡುತ್ತಾನೆ: ನೆಂಟರು ಹರಿದರು, ಪರಕೀಯ ಮುಚ್ಚಿದ, ಹಾಗಾಗಿ ಇದೂ ಒಂದು ವಿರುದ್ಧ ಜೋಡಿ. ಮಾತು ಚಂದ ಇದೆ, ತಪ್ಪೆನ್ನಲೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಗಾಡಿಯವನು ಬಟ್ಟೆ ಕೊಡದೆ ಹೋಗಿದ್ದರೂ ನೆಂಟರೂ ಪರಕೀಯರೂ ಒಂದೇ ಎಂದು ಬರೆಯಬಹುದಿತ್ತು. ಕತೆ ಹೇಗಿದ್ದರೂ ಜೋಡಿ ಸಿಗುತ್ತದೆ ಎಂದಾದರೆ, ಸಿಕ್ಕಿತು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ಓದುವವರು ತಮ್ಮ ರಚನೆಯನ್ನು ಮಂಡಿಸುವಾಗ, ಕತೆಯಲ್ಲಿ ಯಾವ ವಿವರ ಬೇರೆಯಾಗಿದ್ದರೆ ಈ ರಚನೆ ಬಿದ್ದುಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಮೇಲಿನ ಇಳಿಜಾರಿನ ಓದು ಈ ಪರೀಕ್ಷೆಗೆ ನಿಲ್ಲುತ್ತದೆ. ನಾದಿನಿಯ ಮುಂದೆ ಅವಳು ಸಂತೋಷದಿಂದ ಮರವಾಗಿದ್ದರೆ ಆ ಓದನ್ನು ಕೈಬಿಡಬೇಕಾಗುತ್ತಿತ್ತು.

ಮೂರನೆಯದು ಕಾಲದ ಪ್ರಶ್ನೆ. ಉದ್ದಸಾಲು ಬರೆದಾಗ ಐದು ಸಂದರ್ಭಗಳೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಕತೆ ಕೇಳುವವರಿಗೆ ಹಾಗಲ್ಲ. ನಾಲ್ಕನೆಯ ಸಲ ಬಿಂದಿಗೆ ಎತ್ತಿದಾಗ ಮುಂದೇನಾಗುತ್ತದೋ ಎಂಬ ಭಯ ಅವರದು, ಐದನೆಯದು ಇದೆ ಎಂಬುದು ಅವರಿಗೆ ಗೊತ್ತಿಲ್ಲ. ಅಲನ್ ಡಂಡೆಸ್ ಎಂಬ ಅಮೆರಿಕದ ಜಾನಪದ ವಿದ್ವಾಂಸ ಕತೆಯ ಓಟದ ಕ್ರಮವನ್ನು ಲೆವಿ-ಸ್ಟ್ರಾಸ್ ಬದಿಗೆ ಸರಿಸಿದ್ದನ್ನು ಒಪ್ಪಲಿಲ್ಲ. ಜೊತೆಗೆ, ಪಠ್ಯವೊಂದೇ ಸಾಲದು, ಯಾರು ಯಾರಿಗೆ ಯಾವಾಗ ಹೇಳಿದರು ಎಂಬ ಸಂದರ್ಭವೂ ಬೇಕು ಎಂದು 1964ರಲ್ಲೇ ವಾದಿಸಿದ್ದ.

ಈ ಕತೆಗಂತೂ ಆ ಮಾತು ನೇರವಾಗಿ ಅನ್ವಯಿಸುತ್ತದೆ. ಹೇಳುವವರೂ ಹೆಂಗಸರು, ಕೇಳುವವರೂ ಬಹುತೇಕ ಮನೆಯ ಹೆಣ್ಣುಮಕ್ಕಳು. ಗಂಡನ ಮನೆಗೆ ಹೊರಟು ನಿಂತ ಹುಡುಗಿಗೆ ನಾದಿನಿಯ ಭಾಗ ಒಂದು ಬಗೆಯಲ್ಲಿ ಕೇಳಿಸುತ್ತದೆ, ಸೊಸೆಯನ್ನು ತಂದುಕೊಂಡ ಅತ್ತೆಗೆ ಇನ್ನೊಂದು ಬಗೆಯಲ್ಲಿ. ಸುಣ್ಣದ ಗುಂಡಿಯ ಶಿಕ್ಷೆಯನ್ನು ನೀರು ಮತ್ತು ಸುಣ್ಣ, ತಣಿಸುವುದು ಮತ್ತು ಸುಡುವುದು ಎಂದು ಸಲೀಸಾಗಿ ಜೋಡಿ ಮಾಡಬಹುದು. ಅದನ್ನು ಹೇಳುವಾಗ ದನಿ ಏರಿತೋ, ಅವಸರದಲ್ಲಿ ದಾಟಿತೋ, ಕೇಳಿದವರಿಗೆ ತೃಪ್ತಿಯಾಯಿತೋ ಸಂಕಟವಾಯಿತೋ ಎಂಬುದು ಜೋಡಿಯಿಂದ ತಿಳಿಯದು. ಅದಕ್ಕೆ ಹೇಳುವವಳ ಎದುರು ಕೂತು, ಅದೇ ಕತೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳಿ ದಾಖಲಿಸಬೇಕು. ಯಾವ ವಿವರ ಎಲ್ಲ ಪಾಠಗಳಲ್ಲೂ ಉಳಿಯುತ್ತದೆ, ಯಾವುದು ಒಬ್ಬ ಕತೆಗಾರ್ತಿಯದು ಮಾತ್ರ ಎಂದು ಬೇರ್ಪಡಿಸಿದ ಮೇಲೆಯೇ ಸಾಲು ಬರೆಯಲು ಕೂರುವುದು ಸರಿ.