‘ಏಕೆಂದರೆ’ ಎಲ್ಲಿ ಹೋಯಿತು?

ಕರಾರು ಕಾಯ್ದೆಯ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಮೂರು ಅಂಕ ಬಂದ ಮೇಲೆ ಮೊದಲ ವರ್ಷದ ಎಲ್‌ಎಲ್‌.ಬಿ. ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: “ಕಲಂ ಬರೆದಿದ್ದೀನಿ, ಕೇಸು ಬರೆದಿದ್ದೀನಿ, ತೀರ್ಮಾನವೂ ಸರಿಯಾಗಿದೆ. ಮತ್ಯಾಕೆ ಸರ್ ಮೂರೇ?” ಮೇಷ್ಟ್ರು ಆಗ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ನಾಲ್ಕು ಪುಟದ ಕಾಗದವೊಂದನ್ನು ಅವಳ ಉತ್ತರಪತ್ರಿಕೆಗೆ ಪಿನ್ ಹಾಕಿ ಕೊಟ್ಟರು.

ಪ್ರಶ್ನೆ ಸರಳವಾದದ್ದು. ರಾಮಯ್ಯನ ಹಸು ಕಳೆದುಹೋಗಿದೆ. ಹುಡುಕಿ ತಂದವರಿಗೆ 5,000 ರೂಪಾಯಿ ಕೊಡುವುದಾಗಿ ಅವನು ಹಾಲಿನ ಡೇರಿಯ ಗೋಡೆಗೆ ಚೀಟಿ ಅಂಟಿಸುತ್ತಾನೆ. ಆ ಚೀಟಿಯನ್ನು ನೋಡಿರದ ಪಕ್ಕದ ಊರಿನ ಸೋಮಣ್ಣ ಹಸುವನ್ನು ಗುರುತು ಹಿಡಿದು ತಂದು ಕಟ್ಟುತ್ತಾನೆ. ಮರುದಿನ ಹಾಲು ಹಾಕಲು ಹೋದಾಗ ಚೀಟಿ ಕಣ್ಣಿಗೆ ಬೀಳುತ್ತದೆ. ಹಣ ಕೇಳುತ್ತಾನೆ. ಸಿಗುತ್ತದೆಯೇ?

ವಿದ್ಯಾರ್ಥಿನಿ ಬರೆದಿದ್ದು ಇಷ್ಟು: “ಕಲಂ 8ರ ಪ್ರಕಾರ ಷರತ್ತನ್ನು ನೆರವೇರಿಸುವುದೇ ಅಂಗೀಕಾರ. ಆದರೆ ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್ ಪ್ರಕರಣದ ಪ್ರಕಾರ ಸೋಮಣ್ಣನಿಗೆ ಹಣ ಸಿಗುವುದಿಲ್ಲ.”

ಕಾಗದ ಶುರುವಾಗುವುದು ಅಂಕಗಳ ಲೆಕ್ಕದಿಂದ. ವಿವಾದಾಂಶಕ್ಕೆ 2, ನಿಯಮಕ್ಕೆ 2, ಅನ್ವಯಕ್ಕೆ 5, ತೀರ್ಮಾನಕ್ಕೆ 1. “ನಿಯಮದ ಎರಡು, ತೀರ್ಮಾನದ ಒಂದು ನಿನಗೆ ಬಂದಿದೆ. ಉಳಿದ ಏಳು ಅಂಕದ ಉತ್ತರ ನಿನ್ನ ತಲೆಯಲ್ಲಿ ಇದ್ದಿರಬಹುದಮ್ಮಾ, ಕಾಗದದ ಮೇಲೆ ಇಲ್ಲ.” ಕಾನೂನು ಕಾಲೇಜುಗಳಲ್ಲಿ ಈ ನಾಲ್ಕು ಮೆಟ್ಟಿಲುಗಳ ಕ್ರಮಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಐರ್‍ಯಾಕ್ ಎನ್ನುತ್ತಾರೆ. ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಕಾಲು ಜಾರುವುದು ಮೂರನೆಯ ಮೆಟ್ಟಿಲಿನಲ್ಲಿ.

ಮೊದಲು ವಿವಾದಾಂಶ. ‘ಸೋಮಣ್ಣನಿಗೆ ಹಣ ಸಿಗುತ್ತದೆಯೇ’ ಎಂಬುದು ಸೋಮಣ್ಣನ ಪ್ರಶ್ನೆ, ಕಾನೂನಿನದಲ್ಲ ಎನ್ನುತ್ತಾರೆ ಮೇಷ್ಟ್ರು. ಅದರ ಒಳಗಿರುವ ಗಂಟನ್ನು ಎತ್ತಿ ತೋರಿಸಬೇಕು: ಬಹುಮಾನದ ವಿಷಯವೇ ಗೊತ್ತಿಲ್ಲದೆ ಕೆಲಸ ಮಾಡಿ ಮುಗಿಸಿದವನು ಆ ಪ್ರಸ್ತಾವನೆಯನ್ನು ಅಂಗೀಕರಿಸಿದಂತಾಗುತ್ತದೆಯೇ? ಹೀಗೆ ಕೇಳಿಕೊಂಡರೆ ಯಾವ ಕಲಂ ಬೇಕು ಎಂಬುದು ತಾನಾಗಿ ಹೊಳೆಯುತ್ತದೆ. 1872ರ ಕರಾರು ಕಾಯ್ದೆಯ ಕಲಂ 8 ಒಂದೇ ಸಾಲದು. ಪ್ರಸ್ತಾವನೆಯು ಎದುರಿನವನ ಅರಿವಿಗೆ ಬಂದಾಗಲಷ್ಟೇ ಅದು ತಲುಪಿದಂತೆ ಎನ್ನುವ ಕಲಂ 4 ಕೂಡ ಬೇಕು.

ಕಾಗದದ ಅರ್ಧ ಭಾಗ ಲಾಲ್‌ಮನ್ ಶುಕ್ಲಾನದು. ವಿದ್ಯಾರ್ಥಿನಿ ಒಂದು ಸಾಲಿನಲ್ಲಿ ಮುಗಿಸಿದ್ದ ಕೇಸಿನ ಕಥೆಯನ್ನು ಮೇಷ್ಟ್ರು ಬಿಡಿಸಿ ಬರೆಯುತ್ತಾರೆ. 1913ರ ಜನವರಿಯಲ್ಲಿ ಕಾನ್ಪುರದ ಗೌರಿ ದತ್‌ ಅವರ ಸೋದರಳಿಯ ಮನೆ ಬಿಟ್ಟು ಹೋದ. ಹುಡುಕಲು ಆಳುಗಳನ್ನು ದಿಕ್ಕುದಿಕ್ಕಿಗೆ ಕಳಿಸಿದರು. ಅಂಗಡಿಯ ಮುನೀಮನಾಗಿದ್ದ ಲಾಲ್‌ಮನ್, ರೈಲು ಚಾರ್ಜು ಮತ್ತು ಖರ್ಚಿನ ಹಣ ಪಡೆದು ಹರಿದ್ವಾರಕ್ಕೆ ಹೊರಟ. ಅವನು ಹೋದ ಮೇಲೆ, 501 ರೂಪಾಯಿ ಬಹುಮಾನದ ಕರಪತ್ರಗಳು ಹೊರಬಿದ್ದವು. ಹುಡುಗ ಋಷಿಕೇಶದಲ್ಲಿ ಸಿಕ್ಕಿದ, ಲಾಲ್‌ಮನ್ ತಂತಿ ಕಳಿಸಿದ. ಯಜಮಾನರು ಎರಡು ಚಿನ್ನದ ಸವರನ್ನು, ಆಮೇಲೆ ಇಪ್ಪತ್ತು ರೂಪಾಯಿ ಕೊಟ್ಟರು. ಅವನೂ ಆಗ ಹೆಚ್ಚು ಕೇಳಲಿಲ್ಲ. ಸುಮಾರು ಆರು ತಿಂಗಳ ನಂತರ ಕೆಲಸದಿಂದ ತೆಗೆದಾಗ 499 ರೂಪಾಯಿಗೆ ದಾವೆ ಹೂಡಿದ, ಸೋತ. ಅಲಹಾಬಾದ್ ಹೈಕೋರ್ಟೂ ಅವನ ಕೈ ಹಿಡಿಯಲಿಲ್ಲ.

ಏಕೆ ಸೋತ? ಗೈಡುಗಳು ಹೇಳುವುದು ‘ಅವನಿಗೆ ಬಹುಮಾನದ ವಿಷಯ ಗೊತ್ತಿರಲಿಲ್ಲ’ ಎಂದು. ತೀರ್ಪನ್ನೇ ತೆರೆದು ನೋಡು ಎನ್ನುತ್ತಾರೆ ಮೇಷ್ಟ್ರು. ಕೆಲವು ಕರಪತ್ರಗಳನ್ನು ಹರಿದ್ವಾರದಲ್ಲಿದ್ದ ಅವನಿಗೂ ಕಳಿಸಲಾಗಿತ್ತು ಎಂದು ಅದರಲ್ಲೇ ಇದೆ. ಪ್ರಸ್ತಾವನೆಯ ಅರಿವಿಲ್ಲದೆ ಅಂಗೀಕಾರವಿಲ್ಲ ಎಂಬ ನಿಯಮವನ್ನು ನ್ಯಾಯಾಲಯ ಹೇಳಿತು, ನಿಜ. ಆದರೆ ಅವನ ವಿರುದ್ಧ ನಿಂತ ಕಾರಣ ಇನ್ನೊಂದು: ಹುಡುಕಲು ಒಪ್ಪಿ ಹೊರಟಾಗಲೇ ಅದು ಅವನ ಕರ್ತವ್ಯವಾಗಿತ್ತು. ಬಹುಮಾನ ಸಾರುವ ಮೊದಲೇ ಹೊತ್ತಿದ್ದ ಹೊಣೆಯನ್ನು ನಿಭಾಯಿಸಿದ್ದು, ಆಮೇಲೆ ಬಂದ ವಾಗ್ದಾನಕ್ಕೆ ಪ್ರತಿಫಲವಾಗಲಾರದು.

“ಈಗ ಸೋಮಣ್ಣನ ಕಡೆ ನೋಡು. ಅವನು ರಾಮಯ್ಯನ ಆಳಲ್ಲ. ಹುಡುಕುತ್ತೇನೆಂದು ಒಪ್ಪಿಕೊಂಡವನೂ ಅಲ್ಲ. ಹಾಗಿದ್ದರೆ ಲಾಲ್‌ಮನ್ ಸೋತ ಕಾರಣಕ್ಕೇ ಸೋಮಣ್ಣ ಸೋಲುತ್ತಾನೆಂದು ಹೇಗೆ ಬರೆದೆ?” ಅವಳ ತೀರ್ಮಾನ ಸರಿಯೇ ಇತ್ತು, ಅಲ್ಲಿಗೆ ಹೋದ ದಾರಿ ತಪ್ಪಿತ್ತು. ಪರೀಕ್ಷಕರಿಗೆ ಅದು ಗೊತ್ತಾಗುವುದು ‘ಏಕೆಂದರೆ’ ಎಂಬ ಪದ ಉತ್ತರದಲ್ಲಿ ಎಲ್ಲೂ ಇಲ್ಲದಿರುವುದರಿಂದ.

ಅನ್ವಯ ಎಂದರೇನು ಎಂಬುದಕ್ಕೆ ಅವರು ತಾವೇ ಬರೆದು ತೋರಿಸಿದ ಮಾದರಿ ಹೀಗಿದೆ: “ಸೋಮಣ್ಣ ಹಸುವನ್ನು ಕಟ್ಟಿದ್ದು ಒಂದು ದಿನ, ಚೀಟಿ ನೋಡಿದ್ದು ಮರುದಿನ. ಅಂದರೆ ಷರತ್ತು ನೆರವೇರಿದ ಗಳಿಗೆಯಲ್ಲಿ ಪ್ರಸ್ತಾವನೆ ಅವನ ಅರಿವಿಗೆ ಬಂದಿರಲಿಲ್ಲ. ಕಲಂ 4ರಂತೆ ಅದು ಅವನಿಗೆ ತಲುಪಿರಲಿಲ್ಲ. ತಲುಪದ ಪ್ರಸ್ತಾವನೆಗೆ ಅವನು ಸಮ್ಮತಿ ಸೂಚಿಸಿದನೆನ್ನಲು ಬರುವುದಿಲ್ಲವಾದ್ದರಿಂದ ಕಲಂ 8 ನೆರವಿಗೆ ಬಾರದು. ಲಾಲ್‌ಮನ್ ಪ್ರಕರಣದಲ್ಲಿ ಮೊದಲೇ ಇದ್ದ ಕರ್ತವ್ಯ ಇಲ್ಲಿಲ್ಲ. ಆ ತೀರ್ಪಿನಿಂದ ಇಲ್ಲಿಗೆ ಬರುವುದು ಅರಿವಿನ ಕುರಿತ ಮಾತು ಮಾತ್ರ.” ಪ್ರತಿ ವಾಕ್ಯದಲ್ಲೂ ಪ್ರಶ್ನೆಯ ಒಂದು ಸಂಗತಿಗೋ ಕೇಸಿನ ಒಂದು ಸಂಗತಿಗೋ ಕಾನೂನಿನ ಒಂದು ಪದ ಗಂಟುಬಿದ್ದಿದೆ. ಸೋಮಣ್ಣ, ಚೀಟಿ, ಮರುದಿನ ಎಂಬ ಪದಗಳನ್ನು ತೆಗೆದರೆ ಈ ಪ್ಯಾರಾ ನಿಲ್ಲುವುದಿಲ್ಲ. ವಿದ್ಯಾರ್ಥಿನಿಯ ಉತ್ತರವಾದರೆ ಸೋಮಣ್ಣನ ಹೆಸರು ಬದಲಿಸಿ ಬೇರಾವ ಪ್ರಶ್ನೆಗೂ ಅಂಟಿಸಬಹುದಾಗಿತ್ತು. ಮೇಷ್ಟ್ರು ಅಂಕ ಕೊಡುವಾಗ ಮಾಡುವ ಪರೀಕ್ಷೆಯೂ ಇದೇ.

ಇದು ಪರೀಕ್ಷೆಗಷ್ಟೇ ಇರುವ ಕಟ್ಟಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 4ನೇ ನಿಯಮ, ತೀರ್ಪಿನಲ್ಲಿ ಪ್ರಕರಣದ ಸಂಕ್ಷಿಪ್ತ ನಿರೂಪಣೆ, ನಿರ್ಧರಿಸಬೇಕಾದ ಅಂಶಗಳು, ಅವುಗಳ ಮೇಲಿನ ನಿರ್ಧಾರ ಮತ್ತು ಅದಕ್ಕೆ ಕಾರಣಗಳು ಇರಬೇಕೆನ್ನುತ್ತದೆ. ಕರ್ನಾಟಕದ ಸಿವಿಲ್ ನ್ಯಾಯಾಲಯಗಳ ತೀರ್ಪುಗಳಲ್ಲಿ ‘ಒಂದನೇ ವಿವಾದಾಂಶ: ಸಕಾರಾತ್ಮಕ’ ಎಂಬಂತೆ ಉತ್ತರಗಳನ್ನು ಪಟ್ಟಿ ಮಾಡಿ, ಕೆಳಗೆ ‘ಕಾರಣಗಳು’ ಎಂದು ಶೀರ್ಷಿಕೆ ಕೊಡುವುದು ರೂಢಿ. ಪಟ್ಟಿ ಅರ್ಧ ಪುಟ, ಕಾರಣಗಳು ಹತ್ತಾರು ಪುಟ. ಅಲ್ಲಿ ಉತ್ತರ ಮೊದಲು ಬಂದು ಕಾರಣ ಆಮೇಲೆ ಬರುವುದರಿಂದ ಕ್ರಮ ಕೊಂಚ ಹಿಂದುಮುಂದಾದರೂ ಅಡ್ಡಿಯಿಲ್ಲ, ಕಾರಣ ಕಾಣೆಯಾಗುವಂತಿಲ್ಲ ಎಂದು ಕಾಗದ ಹೇಳುತ್ತದೆ.

ಈ ವಿಧಾನದ ಮಿತಿಯನ್ನೂ ಮೇಷ್ಟ್ರು ಮುಚ್ಚಿಟ್ಟಿಲ್ಲ. ನಾಲ್ಕು ಶೀರ್ಷಿಕೆ ಹಾಕಿ ತುಂಬಿಸುತ್ತಾ ಹೋದರೆ ಒಂದೇ ಪಕ್ಷದ ವಾದ ಬರೆದು ಕೈತೊಳೆದುಕೊಳ್ಳುವ ಚಾಳಿ ಬೆಳೆಯುತ್ತದೆ. ಅದಕ್ಕೆ ಅವರು ಅಲಹಾಬಾದಿನದೇ 1925ರ ಹರ್ಭಜನ್ ಲಾಲ್ ಪ್ರಕರಣವನ್ನು ಎದುರಿಗಿಡುತ್ತಾರೆ. ಅಲ್ಲೂ ಓಡಿಹೋದ ಹುಡುಗ, ಅಲ್ಲೂ ಕರಪತ್ರ, ಬಹುಮಾನ 500 ರೂಪಾಯಿ. ಹುಡುಗನನ್ನು ಗುರುತಿಸಿದವನು ಅವನನ್ನು ಮನೆಗೆ ಮುಟ್ಟಿಸದೆ ರೈಲ್ವೆ ಪೊಲೀಸ್ ಠಾಣೆಗೆ ಕರೆದೊಯ್ದು ತಂದೆಗೆ ತಂತಿ ಕೊಟ್ಟಿದ್ದ. ಷರತ್ತು ಬಹುಮಟ್ಟಿಗೆ ನೆರವೇರಿದೆ ಎಂದು ನ್ಯಾಯಾಲಯ ಬಹುಮಾನ ಕೊಡಿಸಿತು.

ಕಾಗದದ ಕೊನೆಗೆ ಒಂದು ಮನೆಗೆಲಸವಿದೆ. ಪ್ರಶ್ನೆಯ ಒಂದೇ ಸಂಗತಿ ಬದಲಾಗಿದೆ: ಸೋಮಣ್ಣ ಹಸು ಹಿಡಿದುಕೊಂಡು ಬರುವ ದಾರಿಯಲ್ಲೇ ಡೇರಿಯ ಗೋಡೆಯ ಚೀಟಿ ಓದುತ್ತಾನೆ, ಆಮೇಲೆ ತಂದು ಕಟ್ಟುತ್ತಾನೆ. ಹಸು ಸಿಕ್ಕಾಗ ಅರಿವಿರಲಿಲ್ಲ, ಒಪ್ಪಿಸುವಾಗ ಇತ್ತು. ರಾಮಯ್ಯನ ಪರ ಒಂದು ಪ್ಯಾರಾ, ಸೋಮಣ್ಣನ ಪರ ಒಂದು ಪ್ಯಾರಾ ಬರೆದು ತರಬೇಕು.

ಸೋಮವಾರ ಅವಳು ತಂದ ಹಾಳೆಯಲ್ಲಿ ಚೀಟಿಯ ‘ಹುಡುಕಿ ತಂದವರಿಗೆ’ ಎಂಬ ಪದಗಳ ಪೈಕಿ ‘ತಂದವರಿಗೆ’ ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ತರುವುದು ಇನ್ನೂ ಬಾಕಿ ಇದ್ದಾಗಲೇ ಸೋಮಣ್ಣ ಚೀಟಿ ಓದಿದ್ದ, ಏಕೆಂದರೆ ಎಂದು ಅವಳ ಎರಡನೇ ಪ್ಯಾರಾ ಮುಂದುವರಿದಿತ್ತು.